ಮೊಸಳೆ ಬಾಯಿಯ ಕತೆಯಿಂದ ಮಗುವಿಗೆ > ಮತ್ತು < ನಿಜಕ್ಕೂ ಅರ್ಥವಾಗುತ್ತದೆಯೇ?

ವಾಟ್ಸ್‌ಆ್ಯಪ್‌ ಗುಂಪುಗಳಲ್ಲಿ, ಅದರಲ್ಲೂ ಶಾಲೆ ಶುರುವಾಗುವ ದಿನಗಳಲ್ಲಿ, ಒಂದು ಚಿತ್ರ ಓಡಾಡುತ್ತದೆ. ಎರಡು ಸಂಖ್ಯೆಗಳ ನಡುವೆ ಬಾಯಿ ತೆರೆದ ಒಂದು ಮೊಸಳೆ, ಬಾಯಿಯೊಳಗೆ ಹಲ್ಲು. ಕೆಳಗೆ ಒಂದೆರಡು ಸಾಲು: 'ಹಸಿದ ಮೊಸಳೆ ಯಾವಾಗಲೂ ದೊಡ್ಡ ಸಂಖ್ಯೆಯನ್ನೇ ತಿನ್ನುತ್ತದೆ. ಇಷ್ಟು ಹೇಳಿಕೊಟ್ಟರೆ ಸಾಕು, ನಿಮ್ಮ ಮಗು ಇನ್ನೆಂದೂ ತಪ್ಪುವುದಿಲ್ಲ.' ನೀವೂ ನೋಡಿರಬಹುದು, ಬೇರೆಯವರಿಗೂ ಕಳಿಸಿರಬಹುದು.

ಇದು ಸುಳ್ಳು ಸುದ್ದಿಯಲ್ಲ. ಆದರೆ 'ಇಷ್ಟು ಸಾಕು' ಎನ್ನುವ ಮಾತು ಎಷ್ಟು ನಿಜ? ಚಿಹ್ನೆಯ ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಕತೆ ಹೇಳುವುದು ಮೇಲೇ? ಕತೆ ಎಲ್ಲಿಯವರೆಗೆ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ? ಈ ಬರಹದಲ್ಲಿ ಅದನ್ನು ನೋಡೋಣ.

ಧನಗೆರೆಯ ಇಬ್ಬರು ಮಕ್ಕಳು

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಲ್ಲಿ ನಮಗೆ ಪರಿಚಯದ ಒಂದು ಮನೆಯಿದೆ. ಆ ಮನೆಯ ಹುಡುಗಿ ಒಂದನೇ ತರಗತಿ. ಅವಳ ಅವ್ವನಿಗೆ ಈ ಮೊಸಳೆ ಚಿತ್ರ ಬಂದಿತ್ತು, ಮಗಳಿಗೆ ಕತೆ ಹೇಳಿಕೊಟ್ಟಿದ್ದರು. ಪಕ್ಕದ ಮನೆಯ ಹುಡುಗನೂ ಅದೇ ತರಗತಿ. ಅವನಿಗೆ ಮನೆಯಲ್ಲಿ ನಿಯಮ ಬಾಯಿಪಾಠ ಮಾಡಿಸಿದ್ದರು: ಈ ಚಿಹ್ನೆ > ಬಂದರೆ 'ದೊಡ್ಡದು', ಈ ಚಿಹ್ನೆ < ಬಂದರೆ 'ಚಿಕ್ಕದು'. ಒಂದು ಸಂಜೆ ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿಕೊಂಡೆವು.

ಮೊದಲು ಪುಸ್ತಕದಲ್ಲಿ ಇರುವಂಥ ಲೆಕ್ಕಗಳನ್ನೇ ಕೊಟ್ಟೆವು. 9 ಮತ್ತು 4ರ ನಡುವೆ ಯಾವ ಚಿಹ್ನೆ, 3 ಮತ್ತು 8ರ ನಡುವೆ ಯಾವ ಚಿಹ್ನೆ, ಹೀಗೆ ಹತ್ತು. ಹುಡುಗಿ ಪ್ರತಿ ಚಿಹ್ನೆಗೂ ಹಲ್ಲು ಬರೆದು ಹತ್ತಕ್ಕೆ ಹತ್ತು ಸರಿ ಮಾಡಿದಳು. ಹುಡುಗ ಕೆಲವನ್ನು ಉಲ್ಟಾ ಹಾಕಿದ. 'ದೊಡ್ಡದು' ಎನ್ನುವ ಪದ ಅವನಿಗೆ ನೆನಪಿತ್ತು, ಯಾವ ಚಿಹ್ನೆಗೆ ಆ ಪದ ಎನ್ನುವುದು ಮಾತ್ರ ಆಗಾಗ ಅದಲು ಬದಲಾಗುತ್ತಿತ್ತು.

ಆಮೇಲೆ ಬಾಯಲ್ಲಿ ಒಂದು ವಾಕ್ಯ ಹೇಳಿ ಬರೆಯಲು ಹೇಳಿದೆವು: 'ಐದಕ್ಕಿಂತ ಏಳು ದೊಡ್ಡದು.' ಹುಡುಗ ಕೇಳಿದ ಹಾಗೇ ಬರೆದ. ಮೊದಲು 5 ಕೇಳಿಸಿತು, ಆಮೇಲೆ 7, ಕೊನೆಗೆ 'ದೊಡ್ಡದು'. ದೊಡ್ಡದು ಅಂದರೆ > ತಾನೇ? ಹಾಗಾಗಿ 5 > 7 ಎಂದು ಬರೆದ. ಹುಡುಗಿ 5 ಬರೆದು, 7 ಬರೆದು, ಮೊಸಳೆಯ ಬಾಯನ್ನು ಏಳರ ಕಡೆಗೆ ತಿರುಗಿಸಿದಳು: 5 < 7. ಇದು ಸರಿ. ಇಲ್ಲಿ ಕತೆ ಗೆದ್ದಿತು, ನಿಯಮ ಸೋತಿತು.

ಮೂರನೆಯದಾಗಿ ಒಂದು ಚೀಟಿಯಲ್ಲಿ 3 < 8 ಎಂದು ಬರೆದು, ಓದಲು ಹೇಳಿದೆವು. ಹುಡುಗಿ ತಕ್ಷಣ ಅಂದಳು: "ಮೊಸಳೆ ಎಂಟನ್ನ ತಿಂತದೆ." 'ಸರಿ ಕಣವ್ವ, ಮೂರರ ಬಗ್ಗೆ ಈ ಚೀಟಿ ಏನು ಹೇಳ್ತದೆ?' ಎಂದು ಕೇಳಿದೆವು. ಸ್ವಲ್ಪ ಯೋಚಿಸಿ ಹೇಳಿದಳು: "ಮೂರನ್ನ ತಿನ್ನಲ್ಲ."

ಕೊನೆಯದಾಗಿ ಚಿಹ್ನೆ ಕೊಟ್ಟು ಸಂಖ್ಯೆಯನ್ನು ಖಾಲಿ ಬಿಟ್ಟೆವು: 4 > ಎಂದು ಬರೆದು ಮುಂದೆ ಒಂದು ಚೌಕ. ಇಬ್ಬರೂ ಚೌಕದಲ್ಲಿ 5 ಬರೆದರು. ನಾಲ್ಕಾದ ಮೇಲೆ ಐದು ಬರುತ್ತದಲ್ಲ! ಚಿಹ್ನೆ ಅವರ ಕಣ್ಣಿಗೆ ಬೀಳಲೇ ಇಲ್ಲ.

ಇಬ್ಬರು ಮಕ್ಕಳನ್ನು ನೋಡಿ ಎಲ್ಲ ಮಕ್ಕಳ ಬಗ್ಗೆ ತೀರ್ಪು ಕೊಡಲು ಆಗುವುದಿಲ್ಲ. ಆದರೆ ಈ ನಾಲ್ಕು ಪ್ರಶ್ನೆಗಳಿಂದ ಒಂದು ವಿಷಯ ಕಾಣುತ್ತದೆ. ಹತ್ತಕ್ಕೆ ಹತ್ತು ಬಂದ ಮಾತ್ರಕ್ಕೆ ಮಗುವಿಗೆ ಚಿಹ್ನೆ ಓದಲು ಬರುತ್ತದೆ ಎಂದಲ್ಲ. ಮೊಸಳೆಯನ್ನು ಯಾವ ಕಡೆ ತಿರುಗಿಸಬೇಕು ಎಂಬುದು ಒಂದು ಕೆಲಸ. ಆ ಸಾಲು ಏನು ಹೇಳುತ್ತಿದೆ ಎಂದು ತಿಳಿಯುವುದು ಬೇರೆಯದೇ ಕೆಲಸ.

ಕನ್ನಡದ ವಾಕ್ಯವೇ ಬೇರೆ ಥರ

ಹುಡುಗ 5 > 7 ಎಂದು ಬರೆದದ್ದು ದಡ್ಡತನದಿಂದಲ್ಲ. ಅದರ ಹಿಂದೆ ನಮ್ಮ ಭಾಷೆಯ ಒಂದು ಗುಣವಿದೆ.

ಈ ಚಿಹ್ನೆಗಳು ಅಚ್ಚಾದದ್ದು ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ಅವರ ಪುಸ್ತಕದಲ್ಲಿ, 1631ರಲ್ಲಿ. ಆಗ ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಇಂಗ್ಲಿಷಿನಲ್ಲಿ 7 > 5 ಎಂಬುದನ್ನು ಎಡದಿಂದ ಬಲಕ್ಕೆ ಹಾಗೆಯೇ ಓದಿಕೊಂಡು ಹೋಗಬಹುದು: ಮೊದಲು ಏಳು, ನಡುವೆ 'ಗ್ರೇಟರ್ ದ್ಯಾನ್', ಕೊನೆಗೆ ಐದು. ಚಿಹ್ನೆ ಎಲ್ಲಿದೆಯೋ ಅದನ್ನು ಓದುವ ಮಾತೂ ಅಲ್ಲೇ ಬರುತ್ತದೆ.

ಕನ್ನಡದಲ್ಲಿ ಹಾಗಲ್ಲ. ನಾವು 'ಏಳು ಐದಕ್ಕಿಂತ ದೊಡ್ಡದು' ಎನ್ನುತ್ತೇವೆ. ನಡುವೆ ಇರುವ ಒಂದೇ ಚಿಹ್ನೆ ಎರಡು ತುಂಡಾಗಿ, 'ಕ್ಕಿಂತ' ಐದಕ್ಕೆ ಅಂಟಿಕೊಳ್ಳುತ್ತದೆ, 'ದೊಡ್ಡದು' ವಾಕ್ಯದ ಕೊನೆಗೆ ಹೋಗುತ್ತದೆ. ಮಗು ಚಿಹ್ನೆಯನ್ನು ಕಂಡಲ್ಲೇ ಓದಿದರೆ 'ಏಳು ದೊಡ್ಡದು ಐದು' ಎಂದಾಗುತ್ತದೆ. ಅದು ಕನ್ನಡವಲ್ಲ.

ಇನ್ನೊಂದು ತೊಡಕಿದೆ. ಕನ್ನಡದಲ್ಲಿ 'ಏಳು ಐದಕ್ಕಿಂತ ದೊಡ್ಡದು' ಎಂದರೂ ಸರಿ, 'ಐದಕ್ಕಿಂತ ಏಳು ದೊಡ್ಡದು' ಎಂದರೂ ಸರಿ. ಮನೆಯಲ್ಲಿ ನಾವು ಎರಡನೆಯದನ್ನೇ ಹೆಚ್ಚು ಆಡುತ್ತೇವೆ: 'ನಿನಗಿಂತ ಅಣ್ಣ ಎತ್ತರ.' ಆದರೆ ಚಿಹ್ನೆಗೆ ಈ ಸ್ವಾತಂತ್ರ್ಯ ಇಲ್ಲ. ಎಡಗಡೆ ಇರುವ ಸಂಖ್ಯೆಯ ಬಗ್ಗೆಯೇ ಅದು ಮಾತಾಡುತ್ತದೆ. ಹಾಗಾಗಿ > ಎಂದರೆ 'ದೊಡ್ಡದು' ಎಂದಷ್ಟೇ ಬಾಯಿಪಾಠ ಮಾಡಿದ ಮಗು ಕಿವಿಗೆ ಬಿದ್ದ ಕ್ರಮದಲ್ಲೇ ಬರೆದು ತಪ್ಪುತ್ತದೆ. ಯಾವುದು ದೊಡ್ಡದು ಎಂದು ಹೇಳದ ನಿಯಮ ಅರ್ಧ ನಿಯಮ.

ಮೊಬೈಲ್ ನೋಡಿ ಬೆಳೆದ ಮಕ್ಕಳಿಗೆ ಇನ್ನೊಂದು ಗೊಂದಲವೂ ಆಗಬಹುದು. ಫೋನಿನಲ್ಲಿ > ಕಂಡರೆ 'ಮುಂದಕ್ಕೆ' ಎಂದರ್ಥ, ಅದು ಬಾಣ. 8 > 3 ಎಂಬಲ್ಲಿ ಬಾಣದ ಮೊನೆ ತೋರಿಸುವುದು ಮೂರನ್ನು. ಹಾಗಾಗಿ 'ಬಾಣ ತೋರಿಸಿದ್ದೇ ದೊಡ್ಡದು' ಎಂದು ಮಗು ತಾನೇ ಒಂದು ನಿಯಮ ಕಟ್ಟಿಕೊಳ್ಳಬಹುದು. ಮೊಸಳೆಯ ಕತೆ ಈ ಬಾಣವನ್ನು ಬಾಯಿಯಾಗಿ ಮಾಡುತ್ತದೆ. ಕಣ್ಣು ಮೊನೆಯನ್ನು ಬಿಟ್ಟು ತೆರೆದ ಕಡೆಗೆ ಹೋಗುತ್ತದೆ. ಕತೆಯಿಂದ ಆಗುವ ನಿಜವಾದ ಲಾಭ ಇದು.

ಕತೆ ಶುರುವಾಗಬೇಕಾದದ್ದು ಹುಣಸೆಬೀಜದಿಂದ

ಹಾಗಾದರೆ ಕತೆಯನ್ನು ಹೇಗೆ ಹೇಳಬೇಕು? ಚಿಕ್ಕ ಮಕ್ಕಳ ಕಲಿಕೆಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗಣಿತಕ್ಕೆ ನಾಲ್ಕು ಮೆಟ್ಟಿಲಿನ ಒಂದು ಕ್ರಮವನ್ನು ಹೇಳುತ್ತದೆ: ಮೊದಲು ಕೈಯಾರೆ ಅನುಭವ, ಆಮೇಲೆ ಬಾಯಿಮಾತು, ಆಮೇಲೆ ಚಿತ್ರ, ಕೊನೆಗೆ ಚಿಹ್ನೆ. ಮೊಸಳೆಯ ಫಾರ್ವರ್ಡ್ ಮೂರನೆಯ ಮೆಟ್ಟಿಲಿನಿಂದ ಶುರುವಾಗುತ್ತದೆ. ಮೊದಲ ಎರಡನ್ನು ಮನೆಯಲ್ಲಿ ನಾವೇ ಸೇರಿಸಬೇಕು.

ಒಂದು ಹಿಡಿ ಹುಣಸೆಬೀಜ ಸಾಕು. ನೆಲದ ಮೇಲೆ ಮಗುವಿನ ಎಡಗಡೆ ಐದು, ಬಲಗಡೆ ಮೂರು ಬೀಜ ಇಡಿ. 'ಎಲ್ಲಿ ಜಾಸ್ತಿ ಇದೆ?' ಎಂದು ಕೇಳಿ. ಈ ಹಂತದಲ್ಲಿ 'ಯಾವುದು ದೊಡ್ಡದು' ಎಂದು ಕೇಳುವುದು ಬೇಡ. ದೊಡ್ಡದು ಎಂದರೆ ಮಗುವಿಗೆ ಗಾತ್ರ. ಮೂರು ತೆಂಗಿನಕಾಯಿ ಒಂದು ಕಡೆ, ಎಂಟು ಹುಣಸೆಬೀಜ ಇನ್ನೊಂದು ಕಡೆ ಇಟ್ಟು ಕೇಳಿ ನೋಡಿ, ಗೊತ್ತಾಗುತ್ತದೆ.

ಬೀಜಗಳನ್ನು ಹೇಗೆ ಹರಡಿದ್ದೀರಿ ಎಂಬುದೂ ಮಗುವನ್ನು ಮೋಸ ಮಾಡುತ್ತದೆ. ಎರಡು ಸಾಲಿನಲ್ಲೂ ಸಮನಾದ ಬೀಜ ಇಟ್ಟು, ಒಂದು ಸಾಲನ್ನು ದೂರ ದೂರ ಹರಡಿದರೆ, ಉದ್ದದ ಸಾಲಿನಲ್ಲೇ ಜಾಸ್ತಿ ಇದೆ ಎಂದು ಸಣ್ಣ ಮಕ್ಕಳು ಹೇಳುವುದನ್ನು ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಬಹಳ ಹಿಂದೆಯೇ ತೋರಿಸಿದ್ದಾರೆ. ಇದಕ್ಕೆ ಪರಿಹಾರ ಜೋಡಿ ಮಾಡುವುದು. ಈ ಕಡೆಯ ಒಂದು ಬೀಜಕ್ಕೆ ಆ ಕಡೆಯ ಒಂದು ಬೀಜ. ಐದು ಮತ್ತು ಮೂರರಲ್ಲಿ ಮೂರು ಜೋಡಿಯಾಗುತ್ತದೆ, ಎಡಗಡೆ ಎರಡು ಮಿಕ್ಕುತ್ತದೆ. ಮಿಕ್ಕಿದ ಕಡೆ ಜಾಸ್ತಿ. ಇಷ್ಟೇ 'ಹೆಚ್ಚು' ಎಂಬ ಮಾತಿನ ಅರ್ಥ. ಇದು ಕೈಗೆ ಸಿಗದ ಮಗುವಿಗೆ ಮೊಸಳೆಯಿಂದ ಉಪಯೋಗವಿಲ್ಲ. ಮೊಸಳೆಗೂ ಯಾವುದು ಜಾಸ್ತಿ ಎಂದು ಮೊದಲು ಗೊತ್ತಾಗಬೇಕಲ್ಲ!

ಈಗ ಕತೆ. ಶಿವನಸಮುದ್ರ ದಾಟಿ ಕಾಡಿನೊಳಗೆ ಹರಿಯುವ ಕಾವೇರಿಯಲ್ಲಿ ನಿಜವಾಗಿಯೂ ಮೊಸಳೆಗಳಿವೆ, ಆದ್ದರಿಂದ ಈ ಕಡೆಯ ಮಕ್ಕಳಿಗೆ ಅದು ದೂರದ ಪ್ರಾಣಿಯಲ್ಲ. ಹೊಳೆಯ ನಡುವೆ ಒಂದು ಮೊಸಳೆ. ಎಡದಂಡೆಯಲ್ಲಿ ಐದು ಮೀನು, ಬಲದಂಡೆಯಲ್ಲಿ ಮೂರು ಮೀನು. ಬೀಜಗಳೇ ಮೀನು. ಮೊಸಳೆಗೆ ಹಸಿವು, ಜಾಸ್ತಿ ಇರುವ ಕಡೆ ಬಾಯಿ ತೆರೆಯುತ್ತದೆ. ಎರಡು ಪೊರಕೆಕಡ್ಡಿಯನ್ನು ಬಾಯಿಯ ಹಾಗೆ ಜೋಡಿಸಿ ನಡುವೆ ಇಡಲು ಮಗುವಿಗೆ ಹೇಳಿ.

ಮೊಸಳೆ ಬಾಯಿ ತೆರೆಯಲಿ, ಆದರೆ ತಿನ್ನುವುದು ಬೇಡ. ತಿಂದರೆ ಐದು ಮೀನು ಹೋಗಿಬಿಡುತ್ತದೆ, ಆಮೇಲೆ ಜಾಸ್ತಿ ಇರುವುದು ಬಲದಂಡೆಯಲ್ಲೇ! ಕತೆಯನ್ನು ಗಮನವಿಟ್ಟು ಕೇಳುವ ಮಗು ಇದನ್ನು ಕೇಳಿಯೇ ಕೇಳುತ್ತದೆ. 'ನೋಡ್ತಾ ಇದೆ, ಇನ್ನೂ ತಿಂದಿಲ್ಲ' ಎಂದರೆ ಸಾಕು.

ಬಾಯಲ್ಲಿ ಒಂದು ವಾಕ್ಯ, ಎಡದಿಂದ ಶುರು

ಫಾರ್ವರ್ಡಿನಲ್ಲಿ ಬಿಟ್ಟುಹೋದ ಮುಖ್ಯ ಹೆಜ್ಜೆ ಇದು. ಕಡ್ಡಿ ಇಟ್ಟ ಕೂಡಲೇ ಮಗು ಒಂದು ಪೂರ್ತಿ ವಾಕ್ಯ ಹೇಳಬೇಕು. ವಾಕ್ಯ ಎಡಗೈ ಕಡೆ ಇರುವ ರಾಶಿಯಿಂದಲೇ ಶುರುವಾಗಬೇಕು. ಎಡಗಡೆಯ ರಾಶಿಯ ಮೇಲೆ ಬೆರಳಿಟ್ಟು 'ಐದು', ಬಲಗಡೆಗೆ ಬೆರಳು ಒಯ್ದು 'ಮೂರಕ್ಕಿಂತ', ಕೊನೆಗೆ ಬೆರಳನ್ನು ಕಡ್ಡಿಯ ಮೇಲೆ ತಂದು 'ಜಾಸ್ತಿ'. ಹೀಗೆ ಬೆರಳು ಎಡಕ್ಕೆ, ಬಲಕ್ಕೆ, ಮತ್ತೆ ನಡುವಿಗೆ ಹೋಗುತ್ತದೆ. ಕನ್ನಡದಲ್ಲಿ ಈ ಚಿಹ್ನೆಯನ್ನು ಓದುವ ದಾರಿಯೇ ಇದು. ಇಲ್ಲಿ ಮೊಸಳೆಯ ಹೆಸರು ಬರಬಾರದು. ಕತೆ ಹೇಳುವಾಗ ಮೊಸಳೆ ಇರಲಿ, ಓದುವಾಗ ಸಂಖ್ಯೆ ಮಾತ್ರ.

ಈಗ ನೀವು ಮಗುವಿನ ಎದುರಿಗೆ ಹೋಗಿ ಕೂತುಕೊಳ್ಳಿ. ಬೀಜ, ಕಡ್ಡಿ ಯಾವುದನ್ನೂ ಮುಟ್ಟಬೇಡಿ. ಮಗುವಿನ ಎಡಗಡೆ ಇದ್ದ ಐದು ಬೀಜ ಈಗ ನಿಮ್ಮ ಬಲಗಡೆ ಇದೆ. ಮಗು ಕಂಡದ್ದು 5 > 3. ನೀವು ಕಂಡದ್ದು 3 < 5. ಮಗು 'ಐದು ಮೂರಕ್ಕಿಂತ ಜಾಸ್ತಿ' ಎಂದು ಓದಲಿ. ನೀವು ನಿಮ್ಮ ಎಡದಿಂದ 'ಮೂರು ಐದಕ್ಕಿಂತ ಕಡಿಮೆ' ಎಂದು ಓದಿ. ಆಮೇಲೆ ಕೇಳಿ: ಅವ್ವ ಹೇಳಿದ್ದು ಸರಿಯೋ, ನೀನು ಹೇಳಿದ್ದು ಸರಿಯೋ?

ಧನಗೆರೆಯ ಆ ಹುಡುಗಿ ಮೊದಲು "ನಂದೇ ಸರಿ" ಎಂದಳು. ಅವ್ವ "ಬಾ ಇಲ್ಲಿ, ನನ್ನ ಜಾಗದಲ್ಲಿ ಕೂತು ನೋಡು" ಎಂದರು. ಎದ್ದು ಹೋಗಿ ಕೂತು, ಬೆರಳಿಟ್ಟು ಓದಿದಳು. ಮತ್ತೆ ತನ್ನ ಜಾಗಕ್ಕೆ ಬಂದು ಓದಿದಳು. ಮೂರು ನಾಲ್ಕು ಸಲ ಓಡಾಡಿದ ಮೇಲೆ ಹೇಳಿದಳು: "ಎರಡೂ ಒಂದೇ ಕಣವ್ವ, ಕೂತಿರೋದು ಬೇರೆ."

> ಮತ್ತು < ಎರಡು ಬೇರೆ ಬೇರೆ ಚಿಹ್ನೆಗಳೆಂದು ಬಾಯಿಪಾಠ ಮಾಡಿದಾಗ ಅವು ಅದಲು ಬದಲಾಗುತ್ತವೆ. ಒಂದೇ ವಿಷಯವನ್ನು ಎರಡು ಕಡೆಯಿಂದ ನೋಡಿದ್ದು ಎಂದು ಗೊತ್ತಾದರೆ ಅದಲು ಬದಲಾಗಲು ಏನೂ ಉಳಿಯುವುದಿಲ್ಲ.

ಎರಡೂ ಕಡೆ ಸಮ ಇದ್ದರೆ?

ಮೊಸಳೆಯ ಕತೆ ಸುಮ್ಮನಾಗುವ ಒಂದು ಜಾಗವಿದೆ. ಎರಡೂ ದಂಡೆಯಲ್ಲಿ ನಾಲ್ಕು ನಾಲ್ಕು ಮೀನಿದ್ದರೆ ಅದು ಬಾಯಿ ಎತ್ತ ತಿರುಗಿಸಬೇಕು? ಇಲ್ಲಿ ಸಮ ಚಿಹ್ನೆ ಬರಬೇಕು, ಅದಕ್ಕೂ ಮೊಸಳೆಗೂ ಸಂಬಂಧವಿಲ್ಲ. ಆದರೆ ಮೂರೂ ಚಿಹ್ನೆಗಳನ್ನು ಒಟ್ಟಿಗೆ ತೋರಿಸಲು ಒಂದು ದಾರಿಯಿದೆ.

ಖಾಲಿ ಬೆಂಕಿಪೊಟ್ಟಣಗಳನ್ನು ತೆಗೆದುಕೊಳ್ಳಿ. ನೆಲದ ಮೇಲೆ ಎಡಗಡೆ ನಾಲ್ಕನ್ನು ಒಂದರ ಮೇಲೊಂದು ಸಾಲಾಗಿ ಮಲಗಿಸಿ, ಬಲಗಡೆಯೂ ನಾಲ್ಕು. ಎರಡರ ತಳವೂ ಒಂದೇ ಗೆರೆಯಲ್ಲಿರಲಿ. ಈಗ ಎರಡು ಸಾಲಿನ ತಲೆಗಳನ್ನು ಸೇರಿಸುವ ಹಾಗೆ ಒಂದು ಕಡ್ಡಿ, ತಳಗಳನ್ನು ಸೇರಿಸುವ ಹಾಗೆ ಇನ್ನೊಂದು ಕಡ್ಡಿ ಇಡಿ. ಎರಡು ಕಡ್ಡಿಗಳೂ ಸಮಾನಾಂತರವಾಗಿ ಕೂರುತ್ತವೆ: =. ವೇಲ್ಸ್‌ನ ರಾಬರ್ಟ್ ರೆಕಾರ್ಡ್ 1557ರಲ್ಲಿ ಈ ಚಿಹ್ನೆಯನ್ನು ತಂದಾಗ ಕೊಟ್ಟ ಕಾರಣವೂ ಇಂಥದ್ದೇ, ಒಂದೇ ಉದ್ದದ ಎರಡು ಜೋಡಿಗೆರೆಗಳಿಗಿಂತ ಸಮವಾದದ್ದು ಬೇರೊಂದಿಲ್ಲ ಎಂದು.

ಈಗ ಬಲಗಡೆಯಿಂದ ಮೂರು ಪೊಟ್ಟಣ ತೆಗೆದು ಒಂದನ್ನು ಮಾತ್ರ ಬಿಡಿ. ಮೇಲಿನ ಕಡ್ಡಿ ಬಲಕ್ಕೆ ಇಳಿಯುತ್ತದೆ. ಕಡ್ಡಿಗಳ ನಡುವಿನ ಜಾಗ ಎಡಗಡೆ ಅಗಲ, ಬಲಗಡೆ ಕಿರಿದು. ಕಣ್ಣ ಮುಂದೆಯೇ > ಮೂಡುತ್ತದೆ. ಚಿಹ್ನೆಯಲ್ಲಿ ಕಿರಿದಾದ ಕಡೆ ಗೆರೆಗಳು ಪೂರ್ತಿ ಸೇರಿಕೊಂಡಿರುತ್ತವೆ, ಕಡ್ಡಿಗಳು ಹಾಗೆ ಸೇರುವುದಿಲ್ಲ. ಅಷ್ಟು ವ್ಯತ್ಯಾಸ ಇದೆ, ಮಗು ಕೇಳಿದರೆ ಹಾಗೆಯೇ ಹೇಳಿ. ಅಗಲ ಇರುವ ಕಡೆ ಹೆಚ್ಚು, ಕಿರಿದು ಇರುವ ಕಡೆ ಕಡಿಮೆ, ಅಗಲ ಒಂದೇ ಇದ್ದರೆ ಸಮ. ಇಲ್ಲಿಗೆ ಮೊಸಳೆಯನ್ನು ಹೊಳೆಗೆ ಕಳಿಸಬಹುದು, ಹಲ್ಲು ಬರೆಯುವುದನ್ನೂ ಬಿಡಿಸಬಹುದು.

ಮೊಸಳೆಗೆ ಗೊತ್ತಿಲ್ಲದ ಲೆಕ್ಕ

ಒಂದನೇ ತರಗತಿಯಲ್ಲೇ ಎರಡಂಕಿಯ ಸಂಖ್ಯೆಗಳೂ ಬರುತ್ತವೆ. 19 ಮತ್ತು 21ರಲ್ಲಿ 19 ದೊಡ್ಡದೆಂದು ಮಗು ಹೇಳಿದರೆ ತಪ್ಪು ಚಿಹ್ನೆಯದಲ್ಲ. ಮಗು ಒಂಬತ್ತನ್ನು ನೋಡಿ ಮರುಳಾಗಿದೆ. ಇಲ್ಲಿ ಚಿಹ್ನೆಯನ್ನು ಇನ್ನೊಮ್ಮೆ ತಿದ್ದಿಸುವುದರಿಂದ ಪ್ರಯೋಜನವಿಲ್ಲ.

ಇದಕ್ಕೆ ಕನ್ನಡವೇ ಸಹಾಯ ಮಾಡುತ್ತದೆ. ಗಟ್ಟಿಯಾಗಿ ಓದಿಸಿ: 'ಹತ್ತೊಂಬತ್ತು', 'ಇಪ್ಪತ್ತೊಂದು'. ಮೊದಲು ಕೇಳಿಸುವುದೇ ಹತ್ತು, ಇಪ್ಪತ್ತು. ಇಂಗ್ಲಿಷಿನ 'ನೈನ್‌ಟೀನ್'ನಲ್ಲಿ ಒಂಬತ್ತು ಮುಂದೆ ಬರುತ್ತದೆ, ಹತ್ತು ಹಿಂದೆ. ಇಂಗ್ಲಿಷ್ ಮಾಧ್ಯಮದ ಮಗುವಾದರೂ ಹೋಲಿಸುವಾಗ ಒಮ್ಮೆ ಕನ್ನಡದಲ್ಲಿ ಹೇಳಿಸಿ ನೋಡಿ. ಆಮೇಲೆ ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ: ಒಂದು ಕಟ್ಟು ಮತ್ತು ಒಂಬತ್ತು ಬಿಡಿ ಒಂದು ಕಡೆ, ಎರಡು ಕಟ್ಟು ಮತ್ತು ಒಂದು ಬಿಡಿ ಇನ್ನೊಂದು ಕಡೆ. ಮೊದಲು ಕಟ್ಟುಗಳನ್ನು ಹೋಲಿಸಬೇಕು, ಕಟ್ಟು ಸಮ ಇದ್ದರೆ ಮಾತ್ರ ಬಿಡಿಗಳನ್ನು.

ಅರ್ಥವಾಗಿದೆ ಎಂದು ತಿಳಿಯುವುದು ಹೇಗೆ?

ನಡುವೆ ಚಿಹ್ನೆ ತುಂಬುವ ಲೆಕ್ಕಗಳನ್ನೇ ಇನ್ನಷ್ಟು ಕೊಡುವುದರಿಂದ ಇದು ಗೊತ್ತಾಗುವುದಿಲ್ಲ. ಮೂರು ಪ್ರಶ್ನೆ ಸಾಕು. 2 < 6 ಎಂದು ಬರೆದು ಓದಿಸಿ. 'ಎರಡು ಆರಕ್ಕಿಂತ ಕಡಿಮೆ' ಅಥವಾ 'ಚಿಕ್ಕದು' ಎಂದು ಎಡದಿಂದ ಓದಿದರೆ ಸರಿ, 'ಮೊಸಳೆ' ಎಂದರೆ ಇನ್ನೂ ವಾಕ್ಯದ ಹೆಜ್ಜೆ ಬೇಕು. 8 < 6 ಎಂದು ಬರೆದು 'ಇದು ನಿಜವೋ ಸುಳ್ಳೋ, ಯಾಕೆ?' ಎಂದು ಕೇಳಿ. ಕೊನೆಗೆ 4 > ಬರೆದು ಮುಂದೆ ಚೌಕ ಬಿಟ್ಟು, 'ಇಲ್ಲಿ ಏನೇನು ಬರಬಹುದು?' ಎಂದು ಕೇಳಿ. 3, 2, 1, 0 ಎಲ್ಲವೂ ಬರಬಹುದು ಎಂದು ಮಗು ಕಂಡುಕೊಂಡರೆ ಅದಕ್ಕೆ ಚಿಹ್ನೆ ನಿಜಕ್ಕೂ ಅರ್ಥವಾಗಿದೆ.

ಎದುರುಬದುರು ಕೂತು ಆಡಿದ ಮೇಲೆ ಧನಗೆರೆಯ ಇಬ್ಬರಿಗೂ ಈ ಕೊನೆಯ ಪ್ರಶ್ನೆಯನ್ನು ಮತ್ತೆ ಕೊಟ್ಟೆವು. ಹುಡುಗ ಬೆರಳಿಟ್ಟು, 'ನಾಲ್ಕು... ಅದಕ್ಕಿಂತ... ಜಾಸ್ತಿ' ಎಂದು ತನ್ನಷ್ಟಕ್ಕೆ ಓದಿಕೊಂಡು 3 ಬರೆದ. ಹುಡುಗಿ 1 ಬರೆದಳು. ಯಾರದ್ದು ಸರಿ ಎಂದು ಇಬ್ಬರೂ ಸ್ವಲ್ಪ ಹೊತ್ತು ಜಗಳವಾಡಿದರು. ಎರಡೂ ಸರಿ ಎಂದು ಒಪ್ಪಿಕೊಳ್ಳಲು ಮತ್ತೆ ಬೀಜ ಎಣಿಸಬೇಕಾಯಿತು.

ಒಟ್ಟಿನಲ್ಲಿ: ಮೊಸಳೆಯ ಕತೆ ಬರೀ ನಿಯಮದ ಬಾಯಿಪಾಠಕ್ಕಿಂತ ಒಳ್ಳೆಯ ಶುರುವಾತು. 'ಇಷ್ಟು ಸಾಕು' ಎಂಬುದು ಮಾತ್ರ ಸರಿಯಲ್ಲ. ಆ ಚಿತ್ರ ನಿಮಗೆ ಮತ್ತೆ ಬಂದರೆ ಅಳಿಸಬೇಕಾಗಿಲ್ಲ. ಮುಂದಕ್ಕೆ ಕಳಿಸುವಾಗ ಕೆಳಗೆ ಮೂರು ಸಾಲು ಸೇರಿಸಿ: ಮೊದಲು ಬೀಜ ಜೋಡಿಸಿ ಎಲ್ಲಿ ಮಿಕ್ಕಿತು ನೋಡಿ. ಮೊಸಳೆ ಬಾಯಿ ತೆರೆದ ಮೇಲೆ ಎಡದಿಂದ ಒಂದು ವಾಕ್ಯ ಹೇಳಿಸಿ. ಆಮೇಲೆ ಮಗುವಿನ ಎದುರಿಗೆ ಕೂತು ನೀವೂ ಓದಿ.